ಕೊನೆಯ ತುಣುಕು ಮಾತ್ರ ಬಂತು: ಗದಗದ ಒಂದು ಆನ್‌ಲೈನ್ ಸೆಂಟರಿನ ಎಂಟಿಯು ಪ್ರಕರಣ

ಗದಗ-ಬೆಟಗೇರಿಯ ಒಂದು ಆನ್‌ಲೈನ್ ಸೆಂಟರ್. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಎರಡು ಪ್ರಿಂಟರ್. ಉತಾರ ತೆಗೆಸಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಬೆಳೆವಿಮೆ ತುಂಬಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಅಂಗಡಿಯ ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ.

ಮಾಲೀಕರು ಹುಬ್ಬಳ್ಳಿಯಲ್ಲಿದ್ದ ನನಗೆ ಫೋನ್ ಮಾಡಿ ಹೇಳಿದ ಮಾತು ಇದು: "ಸರ, ಯೂಟ್ಯೂಬ್ ಓಡತೈತಿ, ಗೂಗಲ್ ಬರತೈತಿ, ವಾಟ್ಸಾಪ್ ಮೆಸೇಜ್ ಹೊಕ್ಕಾವು. ಆದ್ರ ನಮಗ ರೊಕ್ಕ ತರೋ ಸೈಟ್ ಒಂದೂ ತೆರಿಯಂಗಿಲ್ಲ."

ಅವರು ಅಳುತ್ತಿದ್ದದ್ದು ಮೂರು ತಾಣಗಳಿಗಾಗಿ: ಒಂದು ಸರ್ಕಾರಿ ಪೋರ್ಟಲ್, ಒಂದು ಬ್ಯಾಂಕಿನ ತಾಣ, ಒಂದು ವಿಮೆ ಕಂಪನಿಯದು. ವಿಳಾಸ ಒತ್ತಿದರೆ ಟ್ಯಾಬಿನ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ, ಪುಟ ಬಿಳಿಯಾಗಿಯೇ ನಿಲ್ಲುತ್ತದೆ, ಒಂದೆರಡು ನಿಮಿಷದ ಮೇಲೆ ಟೈಮ್‌ಔಟ್. ನಾಲ್ಕನೆಯ ತಾಣವೊಂದು ತೆರೆಯುತ್ತದೆ, ಲಾಗಿನ್ ಆಗುತ್ತದೆ, ಆದರೆ ಅರ್ಜಿದಾರರ ಫೋಟೊ ಏರಿಸುವ ಹೊತ್ತಿಗೆ ಕೈಕೊಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದರೆ ನಾಲ್ಕೂ ಸರಿ. ಹೀಗಾಗಿ ಮೂರು ವಾರದಿಂದ ಅಂಗಡಿ ನಡೆಯುತ್ತಿದ್ದದ್ದು ಕೆಲಸದ ಹುಡುಗಿಯ ಫೋನಿನ ಡೇಟಾದ ಮೇಲೆ.

ನಾನು ಹೋಗುವ ಮುನ್ನ ಆಗಬೇಕಾದ್ದೆಲ್ಲ ಆಗಿತ್ತು. ಬ್ರೌಸರಿನ ಕ್ಯಾಶೆ ಅಳಿಸಿದ್ದರು, ಡಿಎನ್‌ಎಸ್ ಬದಲಿಸಿದ್ದರು, ಆಂಟಿವೈರಸ್ ಕಿತ್ತು ಹಾಕಿದ್ದರು, ಹೊಸ ರೌಟರ್ ಕೊಂಡಿದ್ದರು. ಕೇಬಲ್ ಆಪರೇಟರ್ ಕಡೆಯ ಹುಡುಗ ಎರಡು ಸಲ ಬಂದು ಸ್ಪೀಡ್ ಟೆಸ್ಟ್ ಹಚ್ಚಿ ತೋರಿಸಿ ಹೋಗಿದ್ದ. "ನಮ್ಮ ಕಡೆ ಲೈನ್ ಕ್ಲೀನ್ ಐತ್ರಿ, ಆ ಸೈಟಿನ ಸರ್ವರ್‌ದ್ದೇ ತ್ರಾಸು." ಅವನ ಮಾತು ಪೂರ್ತಿ ಸುಳ್ಳೇನಲ್ಲ. ಆ ಸ್ಪೀಡ್ ಟೆಸ್ಟಿನ ಸರ್ವರ್ ಆಪರೇಟರನ ಜಾಲದೊಳಗೇ, ಗದಗದಲ್ಲೇ ಇತ್ತು. ಅಲ್ಲಿಯವರೆಗೆ ಲೈನ್ ನಿಜಕ್ಕೂ ಚೊಕ್ಕ ಇತ್ತು. ಇದು ನನಗೆ ತಿಳಿದದ್ದು ಸಂಜೆಗೆ.

ಮೊದಲ ಊಹೆ, ಅರ್ಧ ತಪ್ಪು

ಕೆಲವು ತಾಣ ತೆರೆದು ಕೆಲವು ನಿಂತರೆ ಎಂಟಿಯು ಕಡೆ ನೋಡುವುದು ನನ್ನ ರೂಢಿ. ಒಂದು ಹಾದಿಯಲ್ಲಿ ಒಡೆಯದೆ ಸಾಗಬಲ್ಲ ಅತಿ ದೊಡ್ಡ ಮಾಹಿತಿ ತುಣುಕಿನ, ಅಂದರೆ ಪ್ಯಾಕೆಟ್ಟಿನ, ಅಳತೆಯೇ ಎಂಟಿಯು. ಸಾಮಾನ್ಯ ಈಥರ್ನೆಟ್ಟಿನಲ್ಲಿ ಅದು 1500 ಬೈಟ್. ಮನೆ-ಅಂಗಡಿಗಳ ಫೈಬರ್ ಸಂಪರ್ಕದಲ್ಲಿ ಯೂಸರ್‌ನೇಮ್-ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಪಿಪಿಪಿಒಇ ಇದ್ದರೆ ಪ್ರತಿ ಪ್ಯಾಕೆಟ್ಟಿಗೂ 8 ಬೈಟಿನ ತಲೆಪಟ್ಟಿ ಸೇರುತ್ತದೆ, ಒಳಗೆ ಉಳಿಯುವುದು 1492. ಹೊಸ ರೌಟರಿನಲ್ಲಿ ಯಾರೋ 1500 ಎಂದೇ ಬಿಟ್ಟಿರಬೇಕು, ಐದು ನಿಮಿಷದ ಕೆಲಸ ಎಂದುಕೊಂಡು ಬಸ್ ಹತ್ತಿದ್ದೆ.

ರೌಟರ್ ತೆರೆದು ನೋಡಿದರೆ 1492 ಎಂದೇ ಇತ್ತು. ಸರಿಯಾಗಿಯೇ ಇತ್ತು.

ಆ ಹೊತ್ತಿನಲ್ಲಿ ಎರಡು ದಾರಿ ಇದ್ದವು. ಎಂಟಿಯು ಊಹೆ ಕೈಬಿಟ್ಟು ಬೇರೆ ಕಡೆ ಹುಡುಕುವುದು ಒಂದು. ಇನ್ನೊಂದು, ಸುಮ್ಮನೆ 1400 ಹಾಕಿ ನೋಡುವುದು. ಎರಡನೆಯದನ್ನು ಒಂದೇ ಕಂಪ್ಯೂಟರಿನ ಮೇಲೆ ಮಾಡಿದೆ, ರೌಟರ್ ಮುಟ್ಟಲಿಲ್ಲ:

```
netsh interface ipv4 set subinterface "Local Area Connection" mtu=1400 store=active
```

ಬ್ಯಾಂಕಿನ ತಾಣ ಕೂಡಲೇ ತೆರೆಯಿತು. ಪೋರ್ಟಲೂ ತೆರೆಯಿತು. ಮಾಲೀಕರ ಮುಖ ಅರಳಿತು. "ಆತಲ್ರಿ ಸರ, ಉಳಿದ ಮೂರಕ್ಕೂ ಇದನ್ನ ಹಾಕಿಬಿಡ್ರಿ."

ಹಾಕಬಹುದಿತ್ತು. ಆದರೆ 1400 ಎಂಬುದು ನನ್ನ ಬಾಯಿಗೆ ಬಂದ ಸಂಖ್ಯೆ, ಅಳೆದದ್ದಲ್ಲ. ವೈಫೈ ಮೇಲಿರುವ ಫೋನುಗಳಿಗೆ ಅದು ತಾಗುವುದಿಲ್ಲ. ಮೇಲಾಗಿ, ರೌಟರ್ ಸರಿಯಿದ್ದೂ ಹೀಗಾಗುತ್ತಿದೆ ಎಂದರೆ ಹಾದಿ ಮುಂದೆಲ್ಲೋ ಕಿರಿದಾಗಿದೆ. ಆ ಜಾಗ ಆಪರೇಟರನ ಬೇರೆ ಗಿರಾಕಿಗಳಿಗೂ ಕಿರಿದೇ. ಕಂಪ್ಯೂಟರನ್ನು ಮತ್ತೆ 1500ಕ್ಕೆ ತಂದು ಅಳೆಯಲು ಕೂತೆ.

ಮೂರು ಪಿಂಗ್, ಮೂರು ಉತ್ತರ

ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ ಉತ್ತರ ಕಾಯುವ ಪಿಂಗ್ ಆಜ್ಞೆಗೆ ಒಡೆಯಬೇಡ ಎಂಬ ಗುರುತು ಹಚ್ಚಿ, ಬೇಕಾದ ಗಾತ್ರ ಕೊಟ್ಟು ಕಳಿಸಬಹುದು. ವಿಂಡೋಸಿನಲ್ಲಿ `-f` ಎಂದರೆ ಒಡೆಯಬೇಡ, `-l` ಎಂದರೆ ಒಳಗಿನ ತೂಕ. ಆ ತೂಕಕ್ಕೆ ವಿಳಾಸ ಹೊರುವ ಐಪಿಯ 20 ಬೈಟ್, ಜಾಲದ ಸೂಚನೆಗಳನ್ನು ಸಾಗಿಸುವ ಐಸಿಎಂಪಿಯ 8 ಬೈಟ್ ಕೂಡುತ್ತವೆ. ಹಾಗಾಗಿ 1472 ಕೊಟ್ಟರೆ ಪ್ಯಾಕೆಟ್ 1500, 1464 ಕೊಟ್ಟರೆ 1492.

```
ping -f -l 1472 1.1.1.1
Reply from 192.168.1.1: Packet needs to be fragmented but DF set.

ping -f -l 1464 1.1.1.1
Request timed out.

ping -f -l 1448 1.1.1.1
Reply from 1.1.1.1: bytes=1448 ...
```

ಈ ಮೂರು ಉತ್ತರಗಳಲ್ಲಿಯೇ ಇಡೀ ಪ್ರಕರಣ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1472ಕ್ಕೆ ಬಂದದ್ದು ನಿರಾಕರಣೆ, ಆದರೆ ಮರ್ಯಾದೆಯ ನಿರಾಕರಣೆ. ಉತ್ತರಿಸಿದ್ದು ಅಂಗಡಿಯ ರೌಟರೇ, ವಿಳಾಸ 192.168.1.1. "ಇದು ನನ್ನ ಬಾಗಿಲಲ್ಲಿ ಹಿಡಿಸುವುದಿಲ್ಲ, ಸಣ್ಣದು ಮಾಡಿ ತಾ" ಎಂದು ಕಳಿಸಿದವನಿಗೆ ತಿಳಿಸಿತು. ಜಾಲ ನಡೆಯಬೇಕಾದ್ದೇ ಹೀಗೆ. ಹಾದಿಯ ಯಾವ ರೌಟರಿಗೆ ಪ್ಯಾಕೆಟ್ ದೊಡ್ಡದಾಯಿತೋ ಅದು ಐಸಿಎಂಪಿಯ ಮೂರನೆಯ ಬಗೆಯ, ನಾಲ್ಕನೆಯ ಸಂಕೇತದ ಸಂದೇಶವನ್ನು ಹಿಂದಕ್ಕೆ ಕಳಿಸುತ್ತದೆ, ತನ್ನ ಅಳತೆಯನ್ನೂ ಅದರಲ್ಲಿ ಬರೆದಿರುತ್ತದೆ. ಕಳಿಸಿದವನು ಸಣ್ಣ ಪ್ಯಾಕೆಟ್ ಮಾಡಿ ಮತ್ತೆ ಕಳಿಸುತ್ತಾನೆ. ಅಂತರ್ಜಾಲದ ನಿಯಮಗಳ ದಾಖಲೆಯಾದ 1990ರ ಆರ್‌ಎಫ್‌ಸಿ 1191ರಲ್ಲಿ ಈ ಪದ್ಧತಿ ಬರೆದಿದೆ.

1464ಕ್ಕೆ ಬಂದದ್ದು ಮೌನ. ರೌಟರಿನ ಬಾಗಿಲು ದಾಟಿ ಹೋದ ಪ್ಯಾಕೆಟ್ಟನ್ನು ಮುಂದೆ ಯಾರೋ ನುಂಗಿದರು, ಕಳಿಸಿದವನಿಗೆ ಒಂದು ಮಾತೂ ಹೇಳಲಿಲ್ಲ. 1448 ಸಲೀಸಾಗಿ ಹೋಗಿ ಬಂತು. ಒಂದೊಂದೇ ಬೈಟ್ ಏರಿಸಿದೆ: 1449ಕ್ಕೆ ಮೌನ. ಅಂದರೆ ಹಾದಿಯ ನಿಜವಾದ ಅಳತೆ 1448 ಮತ್ತು 28, ಒಟ್ಟು 1476.

ಇಲ್ಲೊಂದು ಎಚ್ಚರಿಕೆ ಬೇಕು. ದೊಡ್ಡ ಪಿಂಗಿಗೆ ಉತ್ತರಿಸದ ಯಂತ್ರಗಳೂ ಇರುತ್ತವೆ, ಒಂದೇ ವಿಳಾಸದ ಮೌನ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೇವೆ. ಹುಬ್ಬಳ್ಳಿಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿ ಅದೇ ವಿಳಾಸಕ್ಕೆ ಅದೇ 1464 ಕಳಿಸಲು ಹೇಳಿದೆ. ಅವನ ಸಂಪರ್ಕವೂ ಪಿಪಿಪಿಒಇ, ಕಂಪನಿ ಬೇರೆ. ಅವನಿಗೆ ಉತ್ತರ ಬಂತು. ಮೌನ ನಮ್ಮ ಹಾದಿಯದ್ದೇ ಎಂದು ಖಾತ್ರಿಯಾಯಿತು.

1476 ಎಂಬ ಸಂಖ್ಯೆಯನ್ನು ಈ ಕೆಲಸದವರು ಮುಖ ನೋಡಿದ ಕೂಡಲೇ ಗುರುತಿಸುತ್ತಾರೆ. 1500ರಲ್ಲಿ 24 ಕಳೆದರೆ 1476. ಆ 24 ಬೈಟ್ ಜಿಆರ್‌ಇ ಸುರಂಗದ್ದು. ಒಂದು ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟು ಕಳಿಸಿದಂತೆ, ಇಡೀ ಪ್ಯಾಕೆಟ್ಟಿನ ಮೇಲೆ ಹೊಸ ವಿಳಾಸದ 20 ಬೈಟ್, ಸುರಂಗದ ಗುರುತಿನ 4 ಬೈಟ್ ಬೀಳುತ್ತವೆ. ಹೊರಗಿನ ಲಕೋಟೆ 1500 ಮೀರುವಂತಿಲ್ಲ, ಹಾಗಾಗಿ ಒಳಗಿನದು ಕುಗ್ಗಲೇಬೇಕು. ಆದರೆ ಗದಗದ ಕೇಬಲ್ ಆಪರೇಟರನಿಗೆ ಸುರಂಗ ಏಕೆ ಬೇಕು?

`tracert` ಓಡಿಸಿ ಹಾದಿಯ ಮೊದಲ ನಿಲ್ದಾಣಗಳ ವಿಳಾಸ ತೆಗೆದೆ. ಒಂದನೆಯದು ನಮ್ಮ ರೌಟರ್, ಎರಡನೆಯದು ಆಪರೇಟರನ ಗದಗದ ಯಂತ್ರ, ಮೂರನೆಯದು ಹುಬ್ಬಳ್ಳಿಯಲ್ಲಿ ಅವನು ಇಟ್ಟ ಯಂತ್ರ. ಎರಡನೆಯದಕ್ಕೆ 1464 ಕಳಿಸಿದೆ, ಉತ್ತರ ಬಂತು. ಮೂರನೆಯದಕ್ಕೆ 1464 ಕಳಿಸಿದರೆ ಮೌನ, 1448ಕ್ಕೆ ಉತ್ತರ. ಕಿರಿದಾದ ಜಾಗ ಗದಗಕ್ಕೂ ಹುಬ್ಬಳ್ಳಿಗೂ ನಡುವೆ, ಆಪರೇಟರನ ಎರಡು ಯಂತ್ರಗಳ ಮಧ್ಯೆ.

ಹಾಗಾದರೆ ಯೂಟ್ಯೂಬ್ ಹೇಗೆ ಓಡಿತು?

ಮಾಲೀಕರು ಬಿಡಲೊಲ್ಲದೆ ಕೇಳಿದ್ದು ಇದನ್ನೇ. ಹಾದಿ ಕಿರಿದಾದರೆ ಎಲ್ಲವೂ ನಿಲ್ಲಬೇಕಲ್ಲ?

ಒಂದು ಹಂಗಾಮಿ ಅಳತೆ ಮಾತುಕತೆಯ ಆರಂಭದಲ್ಲೇ ಒಪ್ಪಂದವಾಗಿರುತ್ತದೆ. ಹೆಚ್ಚಿನ ತಾಣಗಳು ತೆರೆಯುವುದು ಟಿಸಿಪಿ ಎಂಬ ಸಾಗಣೆ ವಿಧಾನದಲ್ಲಿ. ಆ ಸಂಪರ್ಕದ ಮೊದಲ ಪ್ಯಾಕೆಟ್ಟಿನಲ್ಲಿ ಎರಡೂ ಕಡೆಯವರು "ಒಂದು ಸಲಕ್ಕೆ ಇಷ್ಟು ಬೈಟ್ ಕೊಟ್ಟರೆ ಸಾಕು" ಎಂದು ಹೇಳಿಕೊಳ್ಳುತ್ತಾರೆ. ಇದಕ್ಕೆ ಎಂಎಸ್‌ಎಸ್ ಎನ್ನುತ್ತಾರೆ, ಎಂಟಿಯುನಲ್ಲಿ ಐಪಿ, ಟಿಸಿಪಿ ತಲೆಪಟ್ಟಿಗಳ 40 ಕಳೆದರೆ ಸಿಗುವ ಸಂಖ್ಯೆ. ನಮ್ಮ ರೌಟರ್ ತನ್ನ 1492 ನೋಡಿಕೊಂಡು 1452 ಎಂದು ಬರೆದು ಕಳಿಸುತ್ತಿತ್ತು. ಸುರಂಗಕ್ಕೆ ಬೇಕಿದ್ದದ್ದು 1436. ಆ 16 ಬೈಟಿನ ವ್ಯತ್ಯಾಸ ರೌಟರಿಗೆ ಗೊತ್ತಾಗುವ ಬಗೆಯಿರಲಿಲ್ಲ.

ಈಗ ಬ್ಯಾಂಕಿನ ತಾಣ ತೆರೆಯುವಾಗ ನಡೆದದ್ದನ್ನು ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕಿನಲ್ಲಿ ನೋಡಿದೆ. ಸಂಪರ್ಕ ಬೆಸೆಯುವ ಮೂರು ಪ್ಯಾಕೆಟ್ ಸಣ್ಣವು, ಸಲೀಸಾಗಿ ಓಡಾಡಿದವು. ಬ್ರೌಸರ್ ಕಳಿಸಿದ ಗೂಢಲಿಪಿಯ ಮೊದಲ ನಮಸ್ಕಾರವೂ ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಸಿತು, ಹೋಯಿತು. ಉತ್ತರವಾಗಿ ಸರ್ವರ್ ತನ್ನ ಗುರುತು ಸಾಬೀತು ಮಾಡುವ ಪ್ರಮಾಣಪತ್ರ ಕಳಿಸಬೇಕು. ಅದು ಹಲವು ಸಾವಿರ ಬೈಟಿನದು, ಎರಡು ಮೂರು ತುಂಬಿದ ಪ್ಯಾಕೆಟ್ ಮತ್ತು ಉಳಿದ ಚೂರಿನ ಒಂದು ಸಣ್ಣ ಪ್ಯಾಕೆಟ್ ಆಗುತ್ತದೆ. ತುಂಬಿದವು ಸುರಂಗದ ಬಾಯಲ್ಲಿ ಸತ್ತವು. ಕೊನೆಯ ಸಣ್ಣದು ಬಂತು! ಪರದೆಯ ಮೇಲೆ `TCP Previous segment not captured` ಎಂಬ ಸಾಲು, ಅದರ ಕೆಳಗೆ ನಮ್ಮ ಕಂಪ್ಯೂಟರ್ "ನಡುವಿನದು ಬಂದಿಲ್ಲ" ಎಂದು ಕೇಳಿದ `TCP Dup ACK`. ಸರ್ವರ್ ಅವೇ ದೊಡ್ಡ ಪ್ಯಾಕೆಟ್‌ಗಳನ್ನು ಹೆಚ್ಚು ಹೆಚ್ಚು ಅಂತರ ಬಿಟ್ಟು ಮತ್ತೆ ಮತ್ತೆ ಕಳಿಸುತ್ತಿರಬೇಕು, ನಮಗೆ ಒಂದೂ ಕಾಣಲಿಲ್ಲ. ಲೈನ್ ಕೆಟ್ಟಿದ್ದರೆ ದೊಡ್ಡದು-ಸಣ್ಣದು ಎನ್ನದೆ ಪ್ಯಾಕೆಟ್‌ಗಳು ಕಳೆಯುತ್ತವೆ. ದೊಡ್ಡವಷ್ಟೇ ಕಳೆದು ಬಾಲ ಮಾತ್ರ ಬಂದರೆ ಅದು ಎಂಟಿಯುದೇ ಗುರುತು.

ಯೂಟ್ಯೂಬಿನ ಗುಟ್ಟು ಬೇರೆ. ಕ್ರೋಮ್ ಬ್ರೌಸರ್ ಗೂಗಲ್ ತಾಣಗಳೊಂದಿಗೆ ಮಾತಾಡುವುದು ಹೆಚ್ಚಾಗಿ ಕ್ವಿಕ್ ಎಂಬ ವಿಧಾನದಲ್ಲಿ, ಟಿಸಿಪಿ ಬಿಟ್ಟು ಯುಡಿಪಿ ಎಂಬ ಇನ್ನೊಂದು ಸಾಗಣೆಯ ಮೇಲೆ. ಅದು 1200 ಬೈಟಿನ ಹತ್ತಿರದ ಗಾತ್ರದಿಂದ ಶುರು ಮಾಡಿ, ದೊಡ್ಡದು ಹೋಗುತ್ತದೆಯೇ ಎಂದು ತಾನೇ ಪರೀಕ್ಷಿಸಿ ಏರುತ್ತದೆ. ರೌಟರ್ ಹೇಳಲಿ ಬಿಡಲಿ, ಅದಕ್ಕೆ ಚಿಂತೆಯಿಲ್ಲ. ಟಿಸಿಪಿಯಲ್ಲೂ ಕೆಲವು ಸರ್ವರ್‌ಗಳು ಉತ್ತರ ಬಾರದಿದ್ದರೆ ತಾವೇ ಗಾತ್ರ ಇಳಿಸಿ ನೋಡುತ್ತವೆ. ಲಿನಕ್ಸಿನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಯಾರು ಅದನ್ನು ಚಾಲೂ ಮಾಡಿದ್ದಾರೋ ಅವರ ತಾಣ ತೆರೆಯಿತು, ಮಾಡದವರದು ನಿಂತಿತು. ವಾಟ್ಸಾಪಿನ ಅಕ್ಷರ ಸಂದೇಶಗಳಂತೂ ಎಲ್ಲಿಯೂ ತಾಗದಷ್ಟು ಸಣ್ಣವು.

ನನ್ನನ್ನೇ ಅರ್ಧ ಗಂಟೆ ದಾರಿ ತಪ್ಪಿಸಿದ್ದು ಇನ್ನೊಂದು ಸಂಗತಿ. ಅಂಗಡಿಯ ಆ ಕಂಪ್ಯೂಟರ್ ವಿಂಡೋಸ್ 7, ಅದಕ್ಕೆ ಸಿಗುವ ಕೊನೆಯ ಕ್ರೋಮ್ 109. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಕ್ರೋಮ್. ಅದೇ ತಾಣ ಎರಡರಲ್ಲೂ ನಿಂತಿತು, ಆದರೆ ನಿಂತ ಜಾಗ ಬೇರೆ ಬೇರೆ. ನನ್ನದರಲ್ಲಿ ಪ್ರಮಾಣಪತ್ರದ ಬಾಲ ಕೂಡ ಬರಲಿಲ್ಲ. ಎರಡು ಬೇರೆ ರೋಗವೇ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು: 2024ರ ಕ್ರೋಮ್ 124ರಿಂದ ಡೆಸ್ಕ್‌ಟಾಪಿನಲ್ಲಿ ಬ್ರೌಸರಿನ ಮೊದಲ ನಮಸ್ಕಾರದೊಳಗೆ ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದ ದೊಡ್ಡ ಕೀಲಿಯೊಂದು ಸೇರಿದೆ. ನಮಸ್ಕಾರವೇ ಒಂದು ಪ್ಯಾಕೆಟ್ ಮೀರಿ ಎರಡಾಗುತ್ತದೆ, ಮೊದಲನೆಯದು ತುಂಬಿದ ಪ್ಯಾಕೆಟ್. ಅದು ಹೋಗುವಾಗಲೇ ಸುರಂಗದ ಈಚೆ ಬಾಯಲ್ಲಿ ಸತ್ತಿತು, ಹಾಗಾಗಿ ಸರ್ವರ್ ಉತ್ತರಿಸುವ ಪ್ರಶ್ನೆಯೇ ಬರಲಿಲ್ಲ. ರೋಗ ಒಂದೇ, ಒಂದು ಯಂತ್ರಕ್ಕೆ ಬರುವಾಗ ಹಿಡಿದರೆ ಇನ್ನೊಂದಕ್ಕೆ ಹೋಗುವಾಗಲೇ ಹಿಡಿಯಿತು. ಫೋಟೊ ಏರಿಸುವಾಗ ನಿಲ್ಲುತ್ತಿದ್ದದ್ದೂ ಹೋಗುವ ದಿಕ್ಕಿನ ಇದೇ ತೊಡಕು.

ದಿನಾಂಕದ ವಹಿ

ಆಪರೇಟರನ ಕಚೇರಿಗೆ ಹೋಗಿ "ನಿಮ್ಮಲ್ಲಿ ಸುರಂಗ ಐತೇನ್ರಿ" ಎಂದರೆ ಹೌದೆನ್ನುವವರು ಯಾರು? ಹುಡುಗ ಇಲ್ಲವೆಂದ. ಆಗ ನೆರವಿಗೆ ಬಂದದ್ದು ಅಂಗಡಿಯ ಅರ್ಜಿ ವಹಿ. ಕೆಲಸದ ಹುಡುಗಿ ಪ್ರತಿ ಅರ್ಜಿಯ ಮುಂದೆ ದಿನಾಂಕ ಬರೆದು, ಆಗದಿದ್ದರೆ "ನೆಟ್ ಇಲ್ಲ" ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದಳು. ಒಂದು ಗುರುವಾರದವರೆಗೆ ಕೆಂಪು ಅಪರೂಪ, ಶುಕ್ರವಾರದಿಂದ ಪುಟವೆಲ್ಲ ಕೆಂಪು. ಆ ದಿನಾಂಕ ಹೇಳಿದ ಕೂಡಲೇ ಆಪರೇಟರನ ಹಿರಿಯ ತಂತ್ರಜ್ಞರು ತಲೆ ಎತ್ತಿದರು. ಗುರುವಾರ ರಾತ್ರಿ ರಸ್ತೆ ಅಗಲೀಕರಣದ ಜೆಸಿಬಿ ಅವರ ಹುಬ್ಬಳ್ಳಿ ಫೈಬರ್ ಕಡಿದಿತ್ತು. ತಾತ್ಕಾಲಿಕವಾಗಿ ಬೇರೆಯವರ ಲೈನ್ ಬಾಡಿಗೆ ಹಿಡಿದು, ಗಿರಾಕಿಗಳ ಐಪಿ ವಿಳಾಸ ಬದಲಾಗದಿರಲೆಂದು ಅದರ ಮೇಲೆ ಜಿಆರ್‌ಇ ಸುರಂಗ ಹಾಕಿದ್ದರು. ಎರಡು ದಿನಕ್ಕೆಂದು ಹಾಕಿದ್ದು ಮೂರು ವಾರವಾಗಿತ್ತು. ಹುಡುಗನಿಗೆ ಯಾರೂ ಹೇಳಿರಲಿಲ್ಲ.

ಸುರಂಗ ಹಾಕಿದ್ದು ತಪ್ಪಲ್ಲ. ಅದು ಕಿರಿದು ಎಂದು ಅವರ ಯಂತ್ರಗಳು ಹೇಳಿದ್ದರೆ ಬಹುಪಾಲು ತಾಣಗಳು ಓಡುತ್ತಿದ್ದವು. ಹೇಳದಂತೆ ಬಾಯಿ ಕಟ್ಟಿದವರು ಅವರೇ. ಹಿಂದೊಮ್ಮೆ ದಾಳಿಯಾದಾಗ ಎರಡೂ ಲಿನಕ್ಸ್ ಯಂತ್ರಗಳ ಫೈರ್‌ವಾಲಿನಲ್ಲಿ ಐಸಿಎಂಪಿಗೆ ಬೀಗ ಹಾಕಿದ್ದರು. ತಮ್ಮ ದಿನದ ಕೆಲಸಕ್ಕೆ ಬೇಕೆಂದು ಪಿಂಗ್ ಬಿಟ್ಟಿದ್ದರು, ಟ್ರೇಸ್‌ರೂಟ್ ಬಿಟ್ಟಿದ್ದರು, "ದೊಡ್ಡದಾಯಿತು" ಎನ್ನುವ ಸಂದೇಶ ಬಿಟ್ಟಿರಲಿಲ್ಲ. ಹಾದಿಯೆಲ್ಲ 1500 ಇರುವವರೆಗೆ ಆ ಬೀಗ ಯಾರಿಗೂ ನೋವು ಕೊಟ್ಟಿರಲಿಲ್ಲ, ಹಾಗಾಗಿ ಅದು ಯಾರ ನೆನಪಿನಲ್ಲೂ ಇರಲಿಲ್ಲ.

ಹಿರಿಯರು ಎರಡೂ ಯಂತ್ರಗಳಲ್ಲಿ ಈ ಎರಡು ಸಾಲು ಸೇರಿಸಿದರು. `gre1` ಎಂಬುದು ಸುರಂಗದ ಹೆಸರು.

```
iptables -t mangle -A FORWARD -o gre1 -p tcp --tcp-flags SYN,RST SYN -j TCPMSS --clamp-mss-to-pmtu
iptables -I OUTPUT -p icmp --icmp-type fragmentation-needed -j ACCEPT
```

ಮೊದಲ ಸಾಲು ಸುರಂಗ ಹೊಗುವ ಪ್ರತಿ ಸಂಪರ್ಕದ ಆರಂಭದ ಪ್ಯಾಕೆಟ್ಟಿನಲ್ಲಿ ಎಂಎಸ್‌ಎಸ್ ದೊಡ್ಡದಿದ್ದರೆ 1436ಕ್ಕೆ ತಿದ್ದುತ್ತದೆ. ಗದಗದ ಯಂತ್ರ ಗಿರಾಕಿಯ ಮಾತನ್ನು ತಿದ್ದುತ್ತದೆ, ಹುಬ್ಬಳ್ಳಿಯದು ಸರ್ವರಿನ ಮಾತನ್ನು. ಆಮೇಲೆ ಯಾರೂ ದೊಡ್ಡ ಪ್ಯಾಕೆಟ್ ಮಾಡುವುದೇ ಇಲ್ಲ. ಎರಡನೆಯದು ಕಟ್ಟಿದ ಬಾಯಿ ಬಿಚ್ಚುತ್ತದೆ. ಮೊದಲನೆಯದಿದ್ದರೆ ಎರಡನೆಯದೇಕೆ ಎಂದು ಅವರು ಕೇಳಿದರು. ಎಂಎಸ್‌ಎಸ್ ತಿದ್ದುವುದು ಟಿಸಿಪಿಗಷ್ಟೇ; ಯುಡಿಪಿಗೆ ಅಂಥ ಆರಂಭದ ಒಪ್ಪಂದವೇ ಇಲ್ಲ, ಅದಕ್ಕೆ ರೌಟರ್ ಬಾಯಿ ಬಿಟ್ಟೇ ಹೇಳಬೇಕು. ಅಷ್ಟಾದರೂ ದೂರದ ಸರ್ವರಿನ ಫೈರ್‌ವಾಲ್ ಆ ಸಂದೇಶವನ್ನು ಒಳಗೆ ಬಿಡದಿದ್ದರೆ ನಾವೇನೂ ಮಾಡುವಂತಿಲ್ಲ, ಅದಕ್ಕೇ ಮೊದಲನೆಯದೂ ಬೇಕು.

ಅವರು ಸಾಲು ಸೇರಿಸಿದ್ದು ರಾತ್ರಿ ಎಂಟಕ್ಕೆ. ಅಲ್ಲಿಯವರೆಗೆ ಅಂಗಡಿ ನಡೆಯಲೆಂದು ನಾನು ಮಧ್ಯಾಹ್ನವೇ ರೌಟರಿನ ಹೊರಬದಿಯ, ಅಂದರೆ ವ್ಯಾನ್ ಕಡೆಯ, ಎಂಟಿಯುವನ್ನು 1476 ಮಾಡಿದ್ದೆ. ರೌಟರ್ ತಾನೇ 1436 ಎಂದು ಬರೆಯತೊಡಗಿ, ನಾಲ್ಕೂ ಕಂಪ್ಯೂಟರ್, ಎಲ್ಲ ಫೋನುಗಳಲ್ಲಿ ತಾಣಗಳು ತೆರೆದಿದ್ದವು. ಈ ತೇಪೆಯನ್ನು ಮೊದಲು ಹಾಕಿ ಆಮೇಲೆ ಅಳೆದಿದ್ದರೆ ಆಪರೇಟರಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಒಂದನ್ನು ತಿರುಗುಮುರುಗು ಮಾಡಿದೆ ಅನಿಸುತ್ತದೆ: "ಯಾವತ್ತಿನಿಂದ?" ಎಂಬ ಪ್ರಶ್ನೆಯನ್ನು ಫೋನಿನಲ್ಲೇ ಕೇಳಬೇಕಿತ್ತು. ಕೆಂಪು ಪೆನ್ನಿನ ವಹಿ ಬೆಳಗಿನಿಂದ ಕೌಂಟರಿನ ಮೇಲೆಯೇ ಬಿದ್ದಿತ್ತು.

ಅಂಗಡಿಯ ಮೇಲಿನ ಮಹಡಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಹುಡುಗನೊಬ್ಬನಿದ್ದ, ಅದೇ ಆಪರೇಟರನ ಗಿರಾಕಿ. ಕೆಳಗೆ ಎಲ್ಲ ಸರಿಯಾದ ಮೇಲೂ ಅವನ ಕಂಪನಿಯ ವಿಪಿಎನ್ ಬೆಸೆದುಕೊಂಡು ಒಳಗಿನ ಪುಟಗಳು ಮಾತ್ರ ನಿಲ್ಲುತ್ತಿದ್ದವು. ವಿಪಿಎನ್ ಎಂದರೆ ಮತ್ತೊಂದು ಲಕೋಟೆ, ಅದೂ ಯುಡಿಪಿಯ ಮೇಲೆ. ಅದರ ಎಂಟಿಯು 1300ಕ್ಕೆ ಇಳಿಸಿದ ಮೇಲೆ ಅವನದೂ ನಡೆಯಿತು. ಮುಂದಿನ ತಿಂಗಳು ಫೈಬರ್ ಜೋಡಿಸಿ ಸುರಂಗ ತೆಗೆದರು, 1464ಕ್ಕೆ ಈಗ ಉತ್ತರ ಬರುತ್ತದೆ. ಅಂಗಡಿಯ ರೌಟರಿನಲ್ಲಿ 1476 ಹಾಗೆಯೇ ಇದೆ. ಪ್ರತಿ ಪ್ಯಾಕೆಟ್ಟಿಗೆ 16 ಬೈಟ್ ನಷ್ಟ, ನೂರಕ್ಕೆ ಒಂದರಷ್ಟು. ಬದಲಿಸಲೇ ಎಂದು ಕೇಳಿದ್ದಕ್ಕೆ ಮಾಲೀಕರು ಕೈ ಮುಗಿದರು: "ನಡದೈತಲ್ರಿ ಸರ, ಮುಟ್ಟಬ್ಯಾಡ್ರಿ."